ಪರದೆಯ ಲೆಕ್ಕ, ಬಿಲ್ಲಿನ ಲೆಕ್ಕ

ಚಿಕ್ಕಮಗಳೂರಿನ ಕಾಫಿಪುಡಿ ವ್ಯಾಪಾರಿಯೊಬ್ಬರು ಆನ್‌ಲೈನ್ ಜಾಹೀರಾತನ್ನು ಬೆಂಗಳೂರಿನ ಏಜೆನ್ಸಿಗೆ ವಹಿಸಿದ್ದಾರೆ ಎಂದುಕೊಳ್ಳೋಣ. ಅಕ್ಟೋಬರ್ ತಿಂಗಳಲ್ಲಿ ಗೂಗಲ್ ಆ್ಯಡ್ಸ್ ಪರದೆ ತೋರಿಸಿದ ಖರ್ಚು 2,00,000 ರೂಪಾಯಿ. ಅಮೆರಿಕದ ಗಿರಾಕಿಗಳಿಗಾಗಿ ಡಾಲರಿನಲ್ಲಿ ಲೆಕ್ಕ ಹಾಕುವ ಇನ್ನೊಂದು ವೇದಿಕೆಯಲ್ಲಿ 1,000 ಡಾಲರ್. ಏಜೆನ್ಸಿಯ ಫೀ ಖರ್ಚಿನ ಮೇಲೆ ಶೇ. 15. ಆದರೆ ಕೈಗೆ ಬಂದ ಬಿಲ್ 4,42,382 ರೂಪಾಯಿಯದು.

ಬಿಲ್ಲಿನಲ್ಲಿ ಕೂಡಿಸುವ ತಪ್ಪು ಒಂದೂ ಇಲ್ಲ. ಗೂಗಲ್‌ಗೆ 2,36,000, ಡಾಲರ್ ವೇದಿಕೆಗೆ 90,000, ಎರಡರ ಮೇಲೆ ಶೇ. 15ರಂತೆ ಫೀ 48,900, ಇಷ್ಟಕ್ಕೂ ಶೇ. 18 ಜಿಎಸ್‌ಟಿ 67,482. ಕ್ಯಾಲ್ಕುಲೇಟರ್ ಒತ್ತಿ ನೋಡಿದವರು ಸರಿ ಎಂದೇ ಹೇಳುತ್ತಾರೆ. ತಪ್ಪಿರುವುದು ಲೆಕ್ಕ ಶುರುವಾದ ಜಾಗದಲ್ಲಿ.

ಜಾಹೀರಾತು ವೇದಿಕೆಯ ಪರದೆ ತೋರಿಸುವ ಖರ್ಚಿನಲ್ಲಿ ತೆರಿಗೆ ಸೇರಿರುವುದಿಲ್ಲ. ಗೂಗಲ್ ತನ್ನ ಇನ್‌ವಾಯ್ಸಿನಲ್ಲಿ ಅದರ ಮೇಲೆ ಶೇ. 18 ಜಿಎಸ್‌ಟಿ ಹಾಕುತ್ತದೆ. ಹಾಗಾಗಿ 2,00,000ಕ್ಕೆ 36,000 ಸೇರಿದ್ದು ಸಹಜವೇ. ಈಗ ನೋಡಬೇಕಾದದ್ದು ಆ ಇನ್‌ವಾಯ್ಸ್ ಯಾರ ಹೆಸರಿನಲ್ಲಿದೆ, ಅದರ ಮೇಲೆ ಯಾರ ಜಿಎಸ್‌ಟಿ ನಂಬರ್ ಇದೆ ಎನ್ನುವುದನ್ನು. ವ್ಯಾಪಾರಿಯ ನಂಬರ್ ಇದ್ದರೆ 36,000ದ ಕ್ರೆಡಿಟ್ ಅವರಿಗೇ ಸಿಗುತ್ತದೆ. ಗೂಗಲ್‌ಗೆ ಹಣವನ್ನೂ ಅವರೇ ಕಟ್ಟುತ್ತಿದ್ದರೆ ಏಜೆನ್ಸಿ ತನ್ನ ಫೀಗೆ ಮಾತ್ರ ಬಿಲ್ ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಇರುವುದು ಏಜೆನ್ಸಿಯ ನಂಬರ್. ಅಂದರೆ ಆ 36,000ವನ್ನು ಏಜೆನ್ಸಿ ಇನ್‌ಪುಟ್ ಕ್ರೆಡಿಟ್ ಆಗಿ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ. ಅದಕ್ಕೆ ನಿಜವಾಗಿ ತಗುಲಿದ್ದು 2,00,000 ಮಾತ್ರ. ವ್ಯಾಪಾರಿಯ ಬಿಲ್ಲಿಗೂ ಅದೇ ಮೊತ್ತ ಬಂದು, ಶೇ. 18 ಒಮ್ಮೆ ಮಾತ್ರ ಸೇರಬೇಕಿತ್ತು. ಇಲ್ಲಿ ತೆರಿಗೆಯ ಮೇಲೆ ಫೀ ಬಿದ್ದಿದೆ, ಅವೆರಡರ ಮೇಲೆ ಮತ್ತೆ ತೆರಿಗೆ ಬಿದ್ದಿದೆ. ಈ ಒಂದೇ ಎಡವಟ್ಟಿನಿಂದ ಹೆಚ್ಚಾದದ್ದು 48,852 ರೂಪಾಯಿ.

ಡಾಲರಿನ ಕಥೆ ಬೇರೆ. ಬಿಲ್ಲಿನಲ್ಲಿ ಡಾಲರಿಗೆ 90 ರೂಪಾಯಿ ಎಂದಿದೆ, ಆ ದರ ಎಲ್ಲಿಂದ ಬಂತೆಂದು ಬರೆದಿಲ್ಲ. ಪತ್ರಿಕೆಯಲ್ಲಿ ಬಂದ ಆ ದಿನದ ದರವನ್ನು ಮುಂದಿಟ್ಟು ವಾದಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಆ ದರಕ್ಕೆ ಯಾವ ಕಾರ್ಡೂ ಡಾಲರ್ ಕೊಡುವುದಿಲ್ಲ. ಕೇಳಬೇಕಾದದ್ದು ಏಜೆನ್ಸಿಯ ಕಾರ್ಡ್ ಸ್ಟೇಟ್‌ಮೆಂಟಿನ ಆ ಸಾಲನ್ನು. ಅಲ್ಲಿ 85 ರೂಪಾಯಿ ದರದಲ್ಲಿ 85,000, ಬ್ಯಾಂಕಿನ ಶೇ. 3.5 ಮಾರ್ಕಪ್ 2,975 ಎಂದಿದ್ದರೆ ನಿಜವಾದ ವೆಚ್ಚ 87,975. ಮಾರ್ಕಪ್ ಮೇಲಿನ ಜಿಎಸ್‌ಟಿ ಕೂಡ ಏಜೆನ್ಸಿಗೆ ಕ್ರೆಡಿಟ್ ಆಗಿ ಸಿಗುವಂಥದ್ದು. ಬ್ಯಾಂಕಿನ ಮಾರ್ಕಪ್ ಜಾಹೀರಾತಿನ ಖರ್ಚಲ್ಲವಾದ್ದರಿಂದ ಶೇ. 15ರ ಫೀಯನ್ನು 85,000ದ ಮೇಲಷ್ಟೇ ಹಾಕುವುದು ನ್ಯಾಯ. ಇದನ್ನು ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಫೀಯ ವಿಷಯದಲ್ಲಿ ಹಳೆಯ ಗೊಂದಲವೊಂದಿದೆ. ಪತ್ರಿಕಾ ಜಾಹೀರಾತಿನಲ್ಲಿ ಶೇ. 15 ಕಮಿಷನ್ ಎಂದರೆ 100 ರೂಪಾಯಿ ಬಿಲ್ಲಿನಲ್ಲಿ 85 ಪತ್ರಿಕೆಗೆ, 15 ಏಜೆನ್ಸಿಗೆ. 85ರ ಮೇಲೆ ನೋಡಿದರೆ ಅದು ಶೇ. 17.65 ಆಗುತ್ತದೆ. ಅದೇ ರೂಢಿಯಲ್ಲಿ ಆನ್‌ಲೈನ್ ಬಿಲ್ ಮಾಡಿದರೆ 2,85,000ದ ಖರ್ಚಿಗೆ ಫೀ 42,750ರ ಬದಲು 50,294 ಆಗುತ್ತದೆ. ‘ಶೇ. 15’ ಎಂದಷ್ಟೇ ಬರೆದ ಕರಾರಿನಲ್ಲಿ ಎರಡೂ ಅರ್ಥಕ್ಕೆ ಜಾಗವಿದೆ.

ಸರಿಪಡಿಸಿದ ಬಿಲ್ ಹೀಗಿರುತ್ತದೆ: 2,00,000, 87,975, ಫೀ 42,750, ಒಟ್ಟು 3,30,725. ಜಿಎಸ್‌ಟಿ ಸೇರಿ 3,90,255.50.

ಇಷ್ಟು ಮಾಡಿದ ಮೇಲೂ ಕೆಲವು ನೂರು ರೂಪಾಯಿ ಆಚೀಚೆ ಆಗಬಹುದು, ಆಗ ಏಜೆನ್ಸಿಯ ಮೇಲೆ ಅನುಮಾನ ಪಡಬೇಕಿಲ್ಲ. ನಕಲಿ ಕ್ಲಿಕ್‌ಗಳಿಗೆ ಗೂಗಲ್ ಹಿಂದಿರುಗಿಸುವ ಹಣ ಕೆಲವೊಮ್ಮೆ ಮುಂದಿನ ತಿಂಗಳ ಇನ್‌ವಾಯ್ಸಿನಲ್ಲಿ ಕಾಣುತ್ತದೆ. ಖಾತೆಯ ಸಮಯ ಕ್ಯಾಲಿಫೋರ್ನಿಯಾದ್ದಾಗಿದ್ದರೆ ಅಲ್ಲಿ ಅಕ್ಟೋಬರ್ ಮುಗಿಯುವಾಗ ಚಿಕ್ಕಮಗಳೂರಿನಲ್ಲಿ ನವೆಂಬರ್ 1ರ ಮಧ್ಯಾಹ್ನ ಹನ್ನೆರಡೂವರೆ. ಅದಕ್ಕೇ ಏಜೆನ್ಸಿ ಕಳಿಸುವ ಎಕ್ಸೆಲ್ ಹಾಳೆಯನ್ನಷ್ಟೇ ನೆಚ್ಚಿಕೊಳ್ಳದೆ, ನೋಡಲು ಮಾತ್ರ ಅವಕಾಶವಿರುವ ಲಾಗಿನ್ ಮತ್ತು ವೇದಿಕೆಯ ಮೂಲ ಇನ್‌ವಾಯ್ಸ್ ಎರಡನ್ನೂ ಪಡೆಯಬೇಕು. ದೊಡ್ಡ ವ್ಯತ್ಯಾಸಕ್ಕೆ ಒಂದು ಗುರುತಿದೆ: ಅದು ಖರ್ಚಿನ ಸರಿಯಾಗಿ ಶೇ. 18ರಷ್ಟಿದ್ದರೆ ಮೊದಲು ತೆರಿಗೆಯ ಕಡೆ ನೋಡಬೇಕು.

ನಮ್ಮ ವ್ಯಾಪಾರಿಗೆ ಏಜೆನ್ಸಿಯಿಂದ ಬರಬೇಕಾದದ್ದು 52,126.50ರ ಕ್ರೆಡಿಟ್ ನೋಟ್. ಅದರಲ್ಲಿ 7,951.50 ಜಿಎಸ್‌ಟಿ, ಅದನ್ನು ಅವರು ಹೇಗೂ ಕ್ರೆಡಿಟ್ ಪಡೆಯುತ್ತಿದ್ದರು. ಕೈಯಿಂದ ನಿಜವಾಗಿ ಹೋಗುತ್ತಿದ್ದದ್ದು ಉಳಿದ 44,175. ಬಿಲ್ 2025ರ ಅಕ್ಟೋಬರಿನದಾದರೆ, ಏಜೆನ್ಸಿ ಆ ನೋಟನ್ನು ತನ್ನ ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಲು 2026ರ ನವೆಂಬರ್ 30ರವರೆಗೆ ಅವಕಾಶವಿದೆ. ಆ ದಿನ ದಾಟಿದರೆ ತೆರಿಗೆಯ ಭಾಗವನ್ನು ಹಿಂದಿರುಗಿಸಲು ಏಜೆನ್ಸಿ ಹಿಂದೇಟು ಹಾಕುತ್ತದೆ. ಆದ್ದರಿಂದ ತಾಳೆ ನೋಡುವ ಕೆಲಸವನ್ನು ವರ್ಷದ ಕೊನೆಗೆ ಆಡಿಟರ್ ಕೈಗೆ ಬಿಡದೆ, ಬಿಲ್ ಬಂದ ವಾರವೇ ಹಣ ಕಟ್ಟುವ ಮೊದಲು ಮುಗಿಸಬೇಕು.