ಮಗ ಇಂಗ್ಲೆಂಡ್‌ನಲ್ಲಿ ಬೆಟ್ಟಿಂಗ್‌ಗೆ ಬಿದ್ದಿದ್ದಾನಾ? ಅಲ್ಲಿ ತಾನೇ ಬೀಗ ಹಾಕಿಕೊಳ್ಳೋ ವ್ಯವಸ್ಥೆ ಇದೆ, ಪೂರ್ತಿ ವಿವರ ಇಲ್ಲಿದೆ

ನಮ್ಮ ಕಡೆಯಿಂದ ಓದಲು ಬ್ರಿಟನ್‌ಗೆ ಹೋಗೋ ಹುಡುಗರಿಗೆ ಒಂದು ವಿಷಯ ಹೊಸದು. ಇಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳನ್ನು 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಲ್ಲಿ ಆನ್‌ಲೈನ್ ಬೆಟ್ಟಿಂಗ್ ಕಾನೂನುಬದ್ಧ. ಲೈಸೆನ್ಸ್ ಪಡೆದ ಕಂಪನಿಗಳು ರಾಜಾರೋಷವಾಗಿ ನಡೆಸುತ್ತವೆ. ಫೀಸಿಗೆ ಅಂತ ಮನೆಯವರು ಕಳಿಸಿದ ದುಡ್ಡು ಅಲ್ಲಿಗೆ ಹೋದರೆ ಕೇಳೋರಿಲ್ಲ.

ಆಡೋ ಚಟ ಕೈಮೀರಿದೆ ಅನ್ನಿಸಿದವರಿಗೆ ಅಲ್ಲಿ ‘ಗ್ಯಾಮ್‌ಸ್ಟಾಪ್’ ಅನ್ನೋ ಉಚಿತ ಯೋಜನೆ ಇದೆ. ‘ನನ್ನನ್ನು ಒಳಗೆ ಬಿಡಬೇಡಿ’ ಅಂತ ಆಡೋನೇ ಹೆಸರು ಕೊಡಬೇಕು. ಇದಕ್ಕೆ ಸೆಲ್ಫ್ ಎಕ್ಸ್‌ಕ್ಲೂಷನ್ ಅಂತಾರೆ. ಅಪ್ಪ, ಅಮ್ಮ, ಅಣ್ಣ ಯಾರೂ ಅವನ ಪರವಾಗಿ ಹೆಸರು ಕೊಡೋಕೆ ಆಗಲ್ಲ.

ಏನು ಬಂದ್ ಆಗುತ್ತೆ?

gamstop.co.uk ನಲ್ಲಿ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಇಮೇಲ್, ಮೊಬೈಲ್ ನಂಬರ್ ಕೊಟ್ಟರೆ 24 ಗಂಟೆಯೊಳಗೆ ಜಾರಿಗೆ ಬರುತ್ತೆ. 2020ರ ಮಾರ್ಚ್ 31ರಿಂದ ಅಲ್ಲಿನ ಲೈಸೆನ್ಸ್ ಇರೋ ಎಲ್ಲ ಆನ್‌ಲೈನ್ ಕಂಪನಿಗಳು ಇದಕ್ಕೆ ಸೇರಲೇಬೇಕು. ಹಾಗಾಗಿ ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಅರ್ಜಿ ಬೇಡ. ಖಾತೆಯಲ್ಲಿ ಉಳಿದ ದುಡ್ಡನ್ನು ಕಂಪನಿ ವಾಪಸ್ ಕೊಡಬೇಕು. ಸೋತ ದುಡ್ಡು ಮಾತ್ರ ಬರಲ್ಲ.

ಬಂದ್ ಆಗದೇ ಇರೋದೂ ಇದೆ. ಬೀದಿಯಲ್ಲಿರೋ ಬೆಟ್ಟಿಂಗ್ ಅಂಗಡಿ ಮತ್ತು ಕ್ಯಾಸಿನೋಗೆ ಬೇರೆ ಯೋಜನೆಗಳಲ್ಲಿ ಹೆಸರು ಕೊಡಬೇಕು. ಬ್ರಿಟನ್ ಲೈಸೆನ್ಸ್ ಇಲ್ಲದ ಹೊರದೇಶದ ಸೈಟ್‌ಗಳು ಗ್ಯಾಮ್‌ಸ್ಟಾಪ್ ಕೈಗೆ ಸಿಗಲ್ಲ. ‘ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲ’ ಅಂತಲೇ ಜಾಹೀರಾತು ಕೊಡೋ ಸೈಟ್ ಕಂಡರೆ ಅದು ಇದೇ ಗುಂಪು ಅಂತ ತಿಳ್ಕೊಳ್ಳಿ.

ಎಷ್ಟು ದಿನ?

6 ತಿಂಗಳು, 1 ವರ್ಷ, 5 ವರ್ಷ, ಇವುಗಳಲ್ಲಿ ಒಂದನ್ನು ಆರಿಸಬೇಕು. 5 ವರ್ಷ ಮುಗಿದ ಮೇಲೆ ತಾನಾಗೇ ಮುಂದುವರಿಯೋ ಆಯ್ಕೆಯೂ ಇದೆ. ಅವಧಿ ನಡೆಯುತ್ತಿರುವಾಗ 6 ತಿಂಗಳನ್ನು ಹೆಚ್ಚಿಸಬಹುದು, ಕಡಿಮೆ ಮಾಡೋಕೆ ಮಾತ್ರ ಆಗಲ್ಲ. ಅತ್ತರೂ ಕರೆದರೂ ಮಧ್ಯದಲ್ಲಿ ತೆಗೆಯಲ್ಲ. ಇದೇ ಯೋಜನೆಯ ಜೀವ. ಯಾಕೆಂದರೆ ರದ್ದು ಮಾಡಿ ಅಂತ ಕೇಳೋ ಮನಸ್ಸು ಬರೋದೇ ಆಟದ ಹುಚ್ಚು ಏರಿದಾಗ.

ತೆಗೆಸೋದು ಹೇಗೆ?

ಒಂದು ಲೆಕ್ಕ ನೋಡೋಣ. ಲೆಸ್ಟರ್‌ನಲ್ಲಿ ಓದೋ ಒಬ್ಬ ಹುಡುಗ 2025ರ ಜನವರಿ 10ಕ್ಕೆ 6 ತಿಂಗಳಿಗೆ ಹೆಸರು ಕೊಟ್ಟ ಅಂದುಕೊಳ್ಳಿ. ಮಾರ್ಚ್‌ನಲ್ಲಿ ಐಪಿಎಲ್ ಶುರುವಾದಾಗ ಮನಸ್ಸು ಬದಲಾಯ್ತು, ಆದರೆ ಬಾಗಿಲು ತೆರೆಯಲ್ಲ. ಜುಲೈ 10ಕ್ಕೆ ಅವಧಿ ಮುಗಿಯಿತು. ಆಗಲೂ ತಾನಾಗೇ ತೆರೆಯಲ್ಲ! ಬಹಳ ಜನ ತಪ್ಪು ತಿಳಿಯೋದು ಇಲ್ಲೇ. ಅವನೇ ಗ್ಯಾಮ್‌ಸ್ಟಾಪ್ ಸಂಪರ್ಕಿಸಿ ತೆಗೆಯಿರಿ ಅನ್ನಬೇಕು, ಆಮೇಲೂ 24 ಗಂಟೆ ಕಾಯಬೇಕು. ಆ ಒಂದು ದಿನ ಯೋಚನೆ ಮಾಡಲಿ ಅಂತಲೇ ಇಟ್ಟಿರೋದು. ಏನೂ ಕೇಳದೆ ಸುಮ್ಮನಿದ್ದರೆ ಇನ್ನೂ 7 ವರ್ಷ, ಅಂದರೆ 2032ರ ಜುಲೈವರೆಗೆ ಬೀಗ ಹಾಗೇ ಇರುತ್ತೆ. ಅದಕ್ಕೇ ನೆಟ್ಟಗಾಗಬೇಕು ಅನ್ನೋರು ಅವಧಿ ಮುಗಿದ ಮೇಲೆ ಏನೂ ಮಾಡದೆ ಇದ್ದರೆ ಸಾಕು.

ನಮ್ಮ ಹುಡುಗರು ಎಡವೋ ಜಾಗ

ಕಂಪನಿಗಳು ಹೊಸ ಗಿರಾಕಿಯ ವಿವರವನ್ನು ಗ್ಯಾಮ್‌ಸ್ಟಾಪ್ ಪಟ್ಟಿಯೊಂದಿಗೆ ಹೋಲಿಸಿ ತಡೆಯುತ್ತವೆ. ವಿವರ ತಾಳೆಯಾಗದಿದ್ದರೆ ತಡೆಯೂ ಇಲ್ಲ. ನಮ್ಮ ಹೆಸರಿನ ಇನಿಶಿಯಲ್ ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಿರುತ್ತೆ, ಬ್ಯಾಂಕ್‌ನಲ್ಲಿ ಬೇರೆ ಥರ ಇರುತ್ತೆ. ವಿದ್ಯಾರ್ಥಿಗಳು ರೂಮ್ ಬದಲಿಸ್ತಾ ಇರ್ತಾರೆ, ಸಿಮ್ ಬದಲಿಸ್ತಾರೆ. ಹಾಗಾಗಿ ಪಾಸ್‌ಪೋರ್ಟ್‌ನಲ್ಲಿರೋ ಹೆಸರನ್ನೇ ಕೊಡಬೇಕು. ಬಳಸೋ ಎಲ್ಲ ಇಮೇಲ್ ಸೇರಿಸಬೇಕು, ಮನೆ ಅಥವಾ ನಂಬರ್ ಬದಲಾದಾಗಲೆಲ್ಲ ಅಪ್‌ಡೇಟ್ ಮಾಡಬೇಕು. ಹೆಸರು ಕೊಟ್ಟ ಮೇಲೂ ಯಾವುದಾದರೂ ಲೈಸೆನ್ಸ್ ಇರೋ ಆ್ಯಪ್ ತೆರೆದುಕೊಂಡರೆ ವಿವರ ತಪ್ಪಿದೆ ಅಂತ ಅನುಮಾನಿಸಿ ಗ್ಯಾಮ್‌ಸ್ಟಾಪ್‌ಗೆ ತಿಳಿಸಬೇಕು.

ಉಳಿದ ಕಿಂಡಿ ಮುಚ್ಚೋಕೆ ಇನ್ನೆರಡು ದಾರಿ ಇವೆ. ಅಲ್ಲಿನ ಹಲವು ಬ್ಯಾಂಕ್‌ಗಳ ಆ್ಯಪ್‌ನಲ್ಲಿ ಜೂಜಿನ ಪಾವತಿಗೇ ತಡೆ ಹಾಕೋ ಸ್ವಿಚ್ ಇದೆ, ಅದನ್ನು ಆಫ್ ಮಾಡಿದರೂ ಕೆಲವು ಕಡೆ 48 ಗಂಟೆ ಕಾಯಬೇಕು. ‘ಗ್ಯಾಂಬ್ಯಾನ್’ ಅನ್ನೋ ಸಾಫ್ಟ್‌ವೇರ್ ಫೋನ್‌ನಲ್ಲಿ ಹೊರದೇಶದ ಬೆಟ್ಟಿಂಗ್ ಸೈಟ್‌ಗಳನ್ನೂ ತಡೆಯುತ್ತೆ.

ಮಕ್ಕಳು ಅಲ್ಲಿರೋರು ಇದನ್ನು ಅವರಿಗೆ ಕಳಿಸಿ. ಬ್ರಿಟನ್ ಒಳಗಿಂದ ಉಚಿತವಾಗಿ ಮಾತಾಡೋ ಸಹಾಯವಾಣಿ 0808 8020 133, ದಿನದ 24 ಗಂಟೆಯೂ ಇರುತ್ತೆ.