ಕಂಪ್ಯೂಟರ್ ಕ್ಯಾಬಿನೆಟ್ಟಿನ ಮುಂಭಾಗದ ಆಡಿಯೋ ಹೆಡರ್

ಮುಂಭಾಗದ ಆಡಿಯೋ ಹೆಡರ್ ಎಂಬುದು ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲಿರುವ, ಎರಡು ಸಾಲುಗಳಲ್ಲಿ ಜೋಡಿಸಲಾದ ಚಿಕ್ಕ ಪಿನ್ನುಗಳ ಗುಂಪು. ಕ್ಯಾಬಿನೆಟ್ಟಿನ ಮುಂಭಾಗದಲ್ಲಿರುವ ಹೆಡ್‌ಫೋನ್ ಮತ್ತು ಮೈಕ್ ಜಾಕ್‌ಗಳಿಂದ ಬರುವ ಕೇಬಲ್ಲನ್ನು ಇದಕ್ಕೆ ಸಿಕ್ಕಿಸಲಾಗುತ್ತದೆ. ಈ ಸಂಪರ್ಕಕ್ಕೆ ಎರಡು ಪದ್ಧತಿಗಳಿವೆ. ಮೊದಲನೆಯದು ಇಂಟೆಲ್ ಸಂಸ್ಥೆಯು 1997ರಲ್ಲಿ ರೂಪಿಸಿದ ಎಸಿ97. ಎರಡನೆಯದು ಅದೇ ಸಂಸ್ಥೆಯು 2004ರಲ್ಲಿ ಹೊರತಂದ ಎಚ್‌ಡಿ ಆಡಿಯೋ. ಎರಡೂ ಪದ್ಧತಿಗಳ ಪ್ಲಗ್ಗಿನ ಆಕಾರ ಒಂದೇ ಆಗಿದ್ದು, ತಂತಿಗಳ ಅರ್ಥ ಮಾತ್ರ ಬೇರೆಯಾಗಿದೆ. ಹಳೆಯ ಕ್ಯಾಬಿನೆಟ್ಟನ್ನು ಉಳಿಸಿಕೊಂಡು ಮದರ್‌ಬೋರ್ಡನ್ನಷ್ಟೇ ಬದಲಿಸಿದಾಗ ಉಂಟಾಗುವ ಧ್ವನಿಯ ತೊಂದರೆಗಳಲ್ಲಿ ಹಲವು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ರಚನೆ

ಹೆಡರ್‌ನಲ್ಲಿ ಸಾಲಿಗೆ ಐದರಂತೆ ಹತ್ತು ಸ್ಥಾನಗಳಿದ್ದು, ಅವುಗಳ ನಡುವಿನ ಅಂತರ 2.54 ಮಿಲಿಮೀಟರ್. ಒಂದು ಸಾಲಿನಲ್ಲಿ 1, 3, 5, 7, 9 ಎಂಬ ಬೆಸಸಂಖ್ಯೆಯ ಪಿನ್ನುಗಳೂ, ಇನ್ನೊಂದು ಸಾಲಿನಲ್ಲಿ 2, 4, 6, 10 ಎಂಬ ಸಮಸಂಖ್ಯೆಯ ಪಿನ್ನುಗಳೂ ಇರುತ್ತವೆ. 8ನೆಯ ಸ್ಥಾನದಲ್ಲಿ ಪಿನ್ ಇರುವುದಿಲ್ಲ. ಪ್ಲಗ್ಗಿನಲ್ಲಿಯೂ ಅದೇ ಸ್ಥಾನದ ರಂಧ್ರವನ್ನು ಮುಚ್ಚಿರುವುದರಿಂದ ಪ್ಲಗ್ಗನ್ನು ತಿರುಗುಮುರುಗಾಗಿ ಸಿಕ್ಕಿಸಲು ಆಗುವುದಿಲ್ಲ. ಯುಎಸ್‌ಬಿ 2.0 ಹೆಡರ್ ಸಹ ಇದೇ ಗಾತ್ರದ್ದಾದರೂ ಅದರಲ್ಲಿ ಖಾಲಿಯಿರುವುದು 9ನೆಯ ಸ್ಥಾನ. ಎರಡನ್ನೂ ಗುರುತಿಸಲು ಇದೊಂದು ಸುಲಭವಾದ ಲಕ್ಷಣ. ಬೋರ್ಡಿನ ಮೇಲೆ ಈ ಹೆಡರ್‌ಗೆ ಒಂದೊಂದು ತಯಾರಕರು ಒಂದೊಂದು ಹೆಸರನ್ನು ಮುದ್ರಿಸುತ್ತಾರೆ. ಆಸುಸ್ ಬೋರ್ಡುಗಳಲ್ಲಿ ಎಎಎಫ್‌ಪಿ, ಗಿಗಾಬೈಟ್ ಬೋರ್ಡುಗಳಲ್ಲಿ ಎಫ್ ಆಡಿಯೋ, ಎಂಎಸ್‌ಐ ಬೋರ್ಡುಗಳಲ್ಲಿ ಜೆಎಯುಡಿ1 ಎಂಬ ಹೆಸರುಗಳು ಕಾಣಸಿಗುತ್ತವೆ.

ಎಸಿ97 ಪದ್ಧತಿ

ಈ ಪದ್ಧತಿಯಲ್ಲಿ 1ನೆಯ ಪಿನ್ ಮೈಕ್‌ಗೂ, 2ನೆಯದು ಗ್ರೌಂಡ್‌ಗೂ, 3ನೆಯದು ಮೈಕ್‌ಗೆ ಬೇಕಾದ ಅಲ್ಪ ವಿದ್ಯುತ್ತಿಗೂ, 4ನೆಯದು 5 ವೋಲ್ಟ್ ಪೂರೈಕೆಗೂ ಮೀಸಲು. ಹೆಡ್‌ಫೋನಿನ ಬಲಕಿವಿಯ ಧ್ವನಿ 5ನೆಯ ಪಿನ್ನಿನಿಂದಲೂ ಎಡಕಿವಿಯ ಧ್ವನಿ 9ನೆಯ ಪಿನ್ನಿನಿಂದಲೂ ಹೊರಡುತ್ತದೆ. 6 ಮತ್ತು 10ನೆಯ ಪಿನ್ನುಗಳು ಆ ಧ್ವನಿಯು ಬೋರ್ಡಿಗೆ ಹಿಂದಿರುಗುವ ದಾರಿಗಳು.

ಇಲ್ಲಿ ಧ್ವನಿಯು ಮೊದಲು ಮುಂಭಾಗದ ಜಾಕ್‌ಗೆ ಹೋಗಿ, ಅಲ್ಲಿಂದ ಮರಳಿ ಬಂದು, ನಂತರ ಹಿಂಭಾಗದ ಸ್ಪೀಕರ್ ಜಾಕ್‌ಗೆ ತಲುಪುತ್ತದೆ. ಹೆಡ್‌ಫೋನನ್ನು ಚುಚ್ಚಿದಾಗ ಜಾಕ್‌ನ ಒಳಗಿನ ಲೋಹದ ಎಲೆಯು ಸರಿದು ಮರಳುವ ದಾರಿ ಕಡಿದುಹೋಗುತ್ತದೆ. ಸ್ಪೀಕರ್ ತಾನಾಗಿಯೇ ಮೌನವಾಗುತ್ತದೆ. ಈ ಕಾರಣದಿಂದಲೇ ಮುಂಭಾಗದ ಕೇಬಲ್ ಇಲ್ಲದಿರುವಾಗ 5ರಿಂದ 6ಕ್ಕೆ ಮತ್ತು 9ರಿಂದ 10ಕ್ಕೆ ಎರಡು ಜಂಪರ್‌ಗಳನ್ನು ಹಾಕಿರಬೇಕು. ಅವುಗಳನ್ನು ಕಿತ್ತು ಬೇರೇನನ್ನೂ ಜೋಡಿಸದಿದ್ದರೆ ಹಿಂಭಾಗದ ಸ್ಪೀಕರ್‌ನಲ್ಲಿ ಧ್ವನಿ ಬರುವುದಿಲ್ಲ.

ಎಚ್‌ಡಿ ಆಡಿಯೋ ಪದ್ಧತಿ

ಎಚ್‌ಡಿ ಆಡಿಯೋದಲ್ಲಿ ಧ್ವನಿಯು ಹೋಗಿಬರುವ ಕ್ರಮವಿಲ್ಲ. ಮುಂಭಾಗಕ್ಕೂ ಹಿಂಭಾಗಕ್ಕೂ ಪ್ರತ್ಯೇಕ ದಾರಿಗಳಿದ್ದು, ಯಾವುದನ್ನು ಮೌನಗೊಳಿಸಬೇಕೆಂಬುದನ್ನು ಚಾಲಕ ತಂತ್ರಾಂಶವು ನಿರ್ಧರಿಸುತ್ತದೆ. ಪಿನ್ನುಗಳ ಹಂಚಿಕೆ ಹೀಗಿದೆ:

1 – ಮೈಕ್, ಎಡ
2 – ಗ್ರೌಂಡ್
3 – ಮೈಕ್, ಬಲ
4 – ಎಚ್‌ಡಿ ಕೇಬಲ್ ಇದೆಯೆಂಬ ಸೂಚನೆ
5 – ಹೆಡ್‌ಫೋನ್, ಬಲ
6 – ಮೈಕ್ ಜಾಕ್‌ನ ಪತ್ತೆ ತಂತಿ
7 – ಎರಡೂ ಜಾಕ್‌ಗಳಿಗೆ ಸಮಾನವಾದ ಪತ್ತೆ ತಂತಿ
8 – ಖಾಲಿ
9 – ಹೆಡ್‌ಫೋನ್, ಎಡ
10 – ಹೆಡ್‌ಫೋನ್ ಜಾಕ್‌ನ ಪತ್ತೆ ತಂತಿ

ಇಲ್ಲಿಯೂ ಜಾಕ್‌ನಲ್ಲಿ ಒಂದು ಸ್ವಿಚ್ ಉಂಟು. ಆದರೆ ಅದರ ಮೂಲಕ ಧ್ವನಿ ಹರಿಯುವುದಿಲ್ಲ. ಹೆಡ್‌ಫೋನನ್ನು ಚುಚ್ಚಿದಾಗ 7 ಮತ್ತು 10ನೆಯ ತಂತಿಗಳು ಒಂದಕ್ಕೊಂದು ತಾಗುತ್ತವೆ. ಮೈಕನ್ನು ಚುಚ್ಚಿದಾಗ 7 ಮತ್ತು 6. ಮದರ್‌ಬೋರ್ಡಿನಲ್ಲಿ ಈ ಎರಡು ತಂತಿಗಳಿಗೂ ಬೇರೆಬೇರೆ ಬೆಲೆಯ ರೋಧಕಗಳನ್ನು ಅಳವಡಿಸಿರುತ್ತಾರೆ. ಕೋಡೆಕ್ ಎಂಬ ಧ್ವನಿ ಚಿಪ್ ಆ ರೋಧವನ್ನು ಅಳೆದು, ಯಾವ ಜಾಕ್‌ನಲ್ಲಿ ಪ್ಲಗ್ ಇದೆಯೆಂಬುದನ್ನು ಅರಿಯುತ್ತದೆ. 4ನೆಯ ತಂತಿಯನ್ನು ಎಚ್‌ಡಿ ಕೇಬಲ್ಲಿನಲ್ಲಿ ಗ್ರೌಂಡ್‌ಗೆ ಸೇರಿಸಿರುವುದು ಕ್ರಮ. ಅದರಿಂದ ಬಯೋಸ್‌ಗೆ ಕೇಬಲ್ಲಿನ ಬಗೆ ತಿಳಿಯುತ್ತದೆ.

ಹಳೆಯ ಕ್ಯಾಬಿನೆಟ್, ಹೊಸ ಬೋರ್ಡು

ಎಸಿ97 ಕಾಲದ ಕೆಲವು ಕ್ಯಾಬಿನೆಟ್‌ಗಳಲ್ಲಿ ಒಂದೇ ಪ್ಲಗ್ಗಿನ ಬದಲು ಬಿಡಿಬಿಡಿಯಾದ ಏಳು ತಂತಿಗಳು ಬರುತ್ತವೆ. ಅವುಗಳ ಮೇಲೆ ಮೈಕ್, ಮೈಕ್ ಪವರ್, ಗ್ರೌಂಡ್, ಬಲ ಔಟ್, ಎಡ ಔಟ್, ಬಲ ರಿಟರ್ನ್, ಎಡ ರಿಟರ್ನ್ ಎಂಬರ್ಥದ ಇಂಗ್ಲಿಷ್ ಗುರುತುಗಳಿರುತ್ತವೆ. ಇಂತಹ ಕ್ಯಾಬಿನೆಟ್ಟನ್ನು ಎಚ್‌ಡಿ ಬೋರ್ಡಿಗೆ ಜೋಡಿಸಬೇಕಾದರೆ, ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆದ ಮೇಲೆ, ಮೈಕ್ ತಂತಿಯನ್ನು 1ಕ್ಕೆ, ಗ್ರೌಂಡ್ ತಂತಿಯನ್ನು 2ಕ್ಕೆ, ಮೈಕ್ ಪವರ್ ತಂತಿಯನ್ನು 3ಕ್ಕೆ, ಬಲ ಔಟ್ ತಂತಿಯನ್ನು 5ಕ್ಕೆ, ಎಡ ಔಟ್ ತಂತಿಯನ್ನು 9ಕ್ಕೆ ಸಿಕ್ಕಿಸಬೇಕು. ಎರಡು ರಿಟರ್ನ್ ತಂತಿಗಳನ್ನು ಎಲ್ಲಿಯೂ ಸೇರಿಸದೆ, ತುದಿಗೆ ಟೇಪ್ ಸುತ್ತಿ ಬಿಡಬೇಕು. ಅವುಗಳನ್ನು 6 ಮತ್ತು 10ಕ್ಕೆ ಹಾಕಿದರೆ ಧ್ವನಿಯ ಸಂಕೇತವು ಪತ್ತೆ ತಂತಿಯೊಳಗೆ ನುಗ್ಗಿ, ಕೋಡೆಕ್ ಮಾಡುವ ಅಳತೆಯನ್ನು ಕೆಡಿಸುತ್ತದೆ.

ಇಷ್ಟಾದರೂ ಹೆಡ್‌ಫೋನ್ ಚುಚ್ಚಿದ್ದು ಬೋರ್ಡಿಗೆ ತಿಳಿಯುವುದಿಲ್ಲ. ಪತ್ತೆ ತಂತಿಗಳೇ ಇಲ್ಲವಷ್ಟೆ. ಆದ್ದರಿಂದ ಬಯೋಸ್‌ನಲ್ಲಿ ಮುಂಭಾಗದ ಬಗೆಯನ್ನು ಆರಿಸುವ ಅವಕಾಶವಿದ್ದರೆ ಅಲ್ಲಿ `AC97` ಎಂದು ಆರಿಸಬೇಕು. ವಿಂಡೋಸ್‌ನ ರಿಯಲ್‌ಟೆಕ್ ತಂತ್ರಾಂಶದ ಹಲವು ಆವೃತ್ತಿಗಳಲ್ಲಿ `Disable front panel jack detection` ಎಂಬ ಆಯ್ಕೆಯೂ ಉಂಟು. ಲಿನಕ್ಸ್‌ನಲ್ಲಿ `hdajackretask` ಎಂಬ ತಂತ್ರಾಂಶದಿಂದ ಇದೇ ಕೆಲಸ ಮಾಡಬಹುದು. ಆಗ ಮುಂಭಾಗದ ಜಾಕ್ ಸದಾ ಚಾಲನೆಯಲ್ಲಿರುತ್ತದೆ. ಆದರೆ ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ತಾನಾಗಿ ಮೌನವಾಗದು. ಅದನ್ನು ಕೈಯಿಂದಲೇ ಆರಿಸಬೇಕು. ಈ ಮಿತಿಯನ್ನು ತಂತಿಗಳ ಜೋಡಣೆಯಿಂದ ನೀಗಲಾಗದು. ಎಚ್‌ಡಿ ಜಾಕ್‌ಗಳಿರುವ ಫಲಕವನ್ನೇ ಹಾಕಬೇಕಾಗುತ್ತದೆ.

ಇದರ ವಿಪರೀತ ಜೋಡಣೆ, ಅಂದರೆ ಎಚ್‌ಡಿ ಕೇಬಲ್ಲನ್ನು ಎಸಿ97 ಬೋರ್ಡಿಗೆ ಸಿಕ್ಕಿಸುವುದು, ಸಲ್ಲದು. ಧ್ವನಿ ಮರಳುವ ದಾರಿ ಇಲ್ಲದ್ದರಿಂದ ಹಿಂಭಾಗದ ಸ್ಪೀಕರ್ ಮೌನವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೋರ್ಡಿನ 4ನೆಯ ಪಿನ್ನಿನಲ್ಲಿರುವ 5 ವೋಲ್ಟ್ ಕೇಬಲ್ಲಿನ ಮೂಲಕ ನೇರವಾಗಿ ಗ್ರೌಂಡ್‌ಗೆ ತಾಗುವ ಅಪಾಯವಿದೆ. ಕೆಲವು ಕ್ಯಾಬಿನೆಟ್‌ಗಳ ಕೇಬಲ್ಲಿನ ತುದಿಯಲ್ಲಿ ಎರಡೂ ಪದ್ಧತಿಗಳ ಎರಡು ಪ್ಲಗ್‌ಗಳಿರುತ್ತವೆ; ಬೋರ್ಡಿಗೆ ಹೊಂದುವ ಒಂದನ್ನು ಮಾತ್ರ ಬಳಸಿ, ಇನ್ನೊಂದನ್ನು ಹಾಗೆಯೇ ಬಿಡಬೇಕು.

ದೋಷ ಪರೀಕ್ಷೆ

ಕೇಬಲ್ ಯಾವ ಪದ್ಧತಿಯದೆಂಬ ಸಂದೇಹ ಬಂದರೆ, ಅದನ್ನು ಬೋರ್ಡಿನಿಂದ ಬಿಡಿಸಿ, ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನದಲ್ಲಿಟ್ಟು ಪರೀಕ್ಷಿಸಬಹುದು. ಜಾಕ್ ಖಾಲಿಯಿರುವಾಗ 5 ಮತ್ತು 6ರ ನಡುವೆ ಸದ್ದು ಬಂದು, ಹೆಡ್‌ಫೋನ್ ಚುಚ್ಚಿದಾಗ ನಿಂತರೆ ಅದು ಎಸಿ97. ಖಾಲಿಯಿರುವಾಗ 7 ಮತ್ತು 10ರ ನಡುವೆ ಸದ್ದಿಲ್ಲದೆ, ಚುಚ್ಚಿದಾಗ ಸದ್ದು ಬಂದರೆ ಅದು ಎಚ್‌ಡಿ. ಎಚ್‌ಡಿ ಕೇಬಲ್ಲಿನಲ್ಲಿ ಚುಚ್ಚದಿದ್ದರೂ ಸದ್ದು ಬರುತ್ತಿದ್ದರೆ ಜಾಕ್‌ನೊಳಗಿನ ಎಲೆ ಬಾಗಿದೆಯೆಂದರ್ಥ. ಅಂತಹ ಕಂಪ್ಯೂಟರು ಹೆಡ್‌ಫೋನ್ ಸದಾ ಇದೆಯೆಂದೇ ಭಾವಿಸಿ ಸ್ಪೀಕರನ್ನು ಮೌನವಾಗಿರಿಸುತ್ತದೆ. ಮುಂಭಾಗದ ಪ್ಲಗ್ಗನ್ನು ಬೋರ್ಡಿನಿಂದ ಬಿಡಿಸಿದ ಕೂಡಲೇ ಸ್ಪೀಕರ್ ಮಾತನಾಡಿದರೆ ದೋಷ ಅಲ್ಲಿಯೇ ಇದೆ.

ಎಡ ಮತ್ತು ಬಲ ತಂತಿಗಳು ಅದಲುಬದಲಾಗಿವೆಯೇ ಎಂಬುದನ್ನು ಲಿನಕ್ಸ್‌ನಲ್ಲಿ ಈ ಆಜ್ಞೆಯಿಂದ ತಿಳಿಯಬಹುದು:

```
speaker-test -c 2 -t wav
```

ಇದು ಒಂದೊಂದು ಕಿವಿಗೂ ಸರದಿಯಂತೆ ಅದರ ಹೆಸರನ್ನು ಇಂಗ್ಲಿಷಿನಲ್ಲಿ ನುಡಿಯುತ್ತದೆ. ಎಡದ ಹೆಸರು ಬಲಗಿವಿಯಲ್ಲಿ ಕೇಳಿಸಿದರೆ 5 ಮತ್ತು 9ನೆಯ ಪಿನ್ನುಗಳ ತಂತಿಗಳನ್ನು ಬದಲಾಯಿಸಬೇಕು. ಒಂದೇ ಕಿವಿಯಲ್ಲಿ ಧ್ವನಿ ಬಂದರೆ ಆ ಎರಡರಲ್ಲಿ ಒಂದು ತಂತಿ ಸಡಿಲವಾಗಿದೆಯೆಂದೂ, ಎರಡರಲ್ಲಿಯೂ ಧ್ವನಿ ಪೊಳ್ಳಾಗಿ, ಹಾಡುಗಾರರ ಕಂಠವೇ ಕ್ಷೀಣವಾಗಿ ಕೇಳಿಸಿದರೆ 2ನೆಯ ಪಿನ್ನಿನ ಗ್ರೌಂಡ್ ತಂತಿ ಕೂಡಿಲ್ಲವೆಂದೂ ತಿಳಿಯಬೇಕು.