ಡಾಲರ್ ಸಾಲಕ್ಕೆ ತೆರುವ ಹೆಚ್ಚುವರಿ ಬೆಲೆ

ಜಪಾನಿನ ಜೀವವಿಮಾ ಕಂಪನಿಗಳಿಗೆ ಪ್ರೀಮಿಯಂ ಬರುವುದೂ ಯೆನ್‌ನಲ್ಲಿ, ಪಾಲಿಸಿದಾರರಿಗೆ ಹಣ ಕೊಡಬೇಕಾದುದೂ ಯೆನ್‌ನಲ್ಲಿ. ಆದರೆ ಅಲ್ಲಿ ಬಹುಕಾಲ ಬಡ್ಡಿ ಸೊನ್ನೆಯ ಆಸುಪಾಸಿನಲ್ಲೇ ಇದ್ದುದರಿಂದ ಅವು ಅಮೆರಿಕದ ಬಾಂಡ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡಿವೆ. ಯೆನ್ ಕೊಟ್ಟು ಡಾಲರನ್ನು ನೇರವಾಗಿ ಕೊಂಡರೆ, ಮುಂದೆ ಡಾಲರ್ ಅಗ್ಗವಾದಾಗ ನಷ್ಟ. ಅದನ್ನು ತಪ್ಪಿಸಲು ಬಳಸುವ ಒಪ್ಪಂದವೇ ಕರೆನ್ಸಿ ಸ್ವಾಪ್. ಇಂದು ಯೆನ್ ಕೊಟ್ಟು ಡಾಲರ್ ಪಡೆಯುವುದು, ಅವಧಿ ಮುಗಿದಾಗ ಇಂದೇ ಗೊತ್ತುಮಾಡಿದ ದರದಲ್ಲಿ ಡಾಲರ್ ಮರಳಿಸಿ ಯೆನ್ ವಾಪಸು ಪಡೆಯುವುದು. ಅಂದರೆ ಇದು ಯೆನ್ ಒತ್ತೆಯಿಟ್ಟು ಪಡೆದ ಡಾಲರ್ ಸಾಲ.

ಈ ಸಾಲಕ್ಕೆ ಎಷ್ಟು ಬಡ್ಡಿ ಬೀಳಬೇಕು ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಸರಳ ಲೆಕ್ಕವಿದೆ. ಒಂದು ಡಾಲರಿಗೆ 100 ಯೆನ್, ಒಂದು ವರ್ಷದ ಡಾಲರ್ ಬಡ್ಡಿ ಶೇ 1.5, ಯೆನ್ ಬಡ್ಡಿ ಸೊನ್ನೆ ಎಂದುಕೊಳ್ಳೋಣ. ಕಂಪನಿಯೊಂದು 10 ಕೋಟಿ ಯೆನ್ ಕೊಟ್ಟು 10 ಲಕ್ಷ ಡಾಲರ್ ಪಡೆಯುತ್ತದೆ. ವರ್ಷದ ಕೊನೆಗೆ ಅದೇ 10 ಕೋಟಿ ಯೆನ್ ಬಿಡಿಸಿಕೊಳ್ಳಲು 10 ಲಕ್ಷದ 15 ಸಾವಿರ ಡಾಲರ್ ಕೊಟ್ಟರೆ ಸಾಕು. ಆಗ ಮುಂಗಡ ದರ, ಅಂದರೆ ಫಾರ್ವರ್ಡ್ ದರ, ಡಾಲರಿಗೆ ಸುಮಾರು 98.52 ಯೆನ್. ಇಷ್ಟರಲ್ಲಿ ಎರಡು ದೇಶಗಳ ಬಡ್ಡಿಯ ಅಂತರ ಚುಕ್ತಾ ಆಗುತ್ತದೆ.

ಆದರೆ ಮಾರುಕಟ್ಟೆಯಲ್ಲಿ ಸಿಗುವ ಫಾರ್ವರ್ಡ್ ದರ 98.04 ಯೆನ್ ಆಗಿದ್ದರೆ, ಅದೇ 10 ಕೋಟಿ ಯೆನ್‌ಗೆ ಸುಮಾರು 10 ಲಕ್ಷದ 20 ಸಾವಿರ ಡಾಲರ್ ತೆರಬೇಕು. ಸಾಲದ ನಿಜವಾದ ಬೆಲೆ ಶೇ 2 ಆಯಿತು. ಹೆಚ್ಚುವರಿಯಾಗಿ ಬಿದ್ದ ಅರ್ಧ ಶೇಕಡವೇ ಕ್ರಾಸ್ ಕರೆನ್ಸಿ ಬೇಸಿಸ್. ಈ ಕೊರತೆಯನ್ನು ಯೆನ್‌ ಕಡೆಯ ಬಡ್ಡಿಯಿಂದ ಕಳೆದು ಹೇಳುವುದು ವಾಡಿಕೆಯಾದ್ದರಿಂದ ಅದನ್ನು ಮೈನಸ್ 50 ಬೇಸಿಸ್ ಪಾಯಿಂಟ್ ಎನ್ನುತ್ತಾರೆ. ಶೇ 2.2 ಆದಾಯದ ಬಾಂಡ್ ಕೊಂಡ ಕಂಪನಿಗೆ ಶೇ 0.7 ಉಳಿಯಬೇಕಾದಲ್ಲಿ ಶೇ 0.2 ಮಾತ್ರ ಉಳಿಯುತ್ತದೆ.

2007ಕ್ಕೆ ಮುನ್ನ ಪ್ರಮುಖ ಕರೆನ್ಸಿಗಳಲ್ಲಿ ಈ ಬೇಸಿಸ್ ಹೆಚ್ಚುಕಡಿಮೆ ಸೊನ್ನೆಯಾಗಿತ್ತು. ಅದು ಹುಟ್ಟಲು ಮೊದಲ ಕಾರಣ ಬೇಡಿಕೆ ಒಂದೇ ಕಡೆಗೆ ವಾಲಿರುವುದು. ಜಪಾನಿನ ವಿಮಾ ಕಂಪನಿಗಳಿಗೂ ಬ್ಯಾಂಕುಗಳಿಗೂ ಬೇಕಾದುದು ಡಾಲರ್. ಅಷ್ಟೇ ಪ್ರಮಾಣದಲ್ಲಿ ಯೆನ್ ಬೇಕೆನ್ನುವವರು ಎದುರಿಗಿಲ್ಲ. ಬ್ಯಾಂಕ್ ಆಫ್ ಜಪಾನ್ 2016ರ ಜನವರಿಯಲ್ಲಿ ಋಣಾತ್ಮಕ ಬಡ್ಡಿ ಘೋಷಿಸಿದ ಮೇಲೆ ವಿದೇಶಿ ಬಾಂಡ್‌ಗಳ ಸೆಳೆತ ಇನ್ನೂ ಬಲವಾಯಿತು. ಆ ವರ್ಷದ ಕೊನೆಯ ಹೊತ್ತಿಗೆ ಯೆನ್ ಬೇಸಿಸ್ ಮೈನಸ್ 50 ಪಾಯಿಂಟ್‌ಗಳನ್ನೂ ದಾಟಿತ್ತು.

ಬೇಡಿಕೆ ವಾಲಿದ್ದರೂ, ಶೇ 1.5ಕ್ಕೆ ಡಾಲರ್ ಸಾಲ ಪಡೆದು ಸ್ವಾಪ್ ಮೂಲಕ ಶೇ 2ಕ್ಕೆ ಕೊಡುವ ಬ್ಯಾಂಕುಗಳು ಈ ಅಂತರವನ್ನು ಅಳಿಸಿಹಾಕಬೇಕಿತ್ತಲ್ಲವೇ? ಹಿಂದೆ ಹಾಗೆಯೇ ಆಗುತ್ತಿತ್ತು. 2008ರ ಬಿಕ್ಕಟ್ಟಿನ ನಂತರ ಬಂದ ನಿಯಮಗಳು ಈ ವ್ಯವಹಾರದ ಲೆಕ್ಕವನ್ನೇ ಬದಲಿಸಿದವು. ಲೆವರೇಜ್ ಅನುಪಾತದ ನಿಯಮದಂತೆ, ಎಷ್ಟೇ ಸುರಕ್ಷಿತವಾದ ಆಸ್ತಿಗೂ ಬ್ಯಾಂಕ್ ಕನಿಷ್ಠ ಶೇ 3ರಷ್ಟು ಸ್ವಂತ ಬಂಡವಾಳ ಇಡಬೇಕು. 10 ಲಕ್ಷ ಡಾಲರ್ ವ್ಯವಹಾರಕ್ಕೆ ಅದು 30 ಸಾವಿರ ಡಾಲರ್. ಷೇರುದಾರರು ಬಂಡವಾಳದ ಮೇಲೆ ಶೇ 10 ಲಾಭ ಬಯಸಿದರೆ ಅದಕ್ಕೇ 3 ಸಾವಿರ ಡಾಲರ್ ಬೇಕು. ಸಿಗುವ ಲಾಭವೋ 5 ಸಾವಿರ. ಬ್ಯಾಂಕ್ ಶೇ 5ರಷ್ಟು ಬಂಡವಾಳ ಇಡಬೇಕಾದರೆ ಏನೂ ಉಳಿಯುವುದಿಲ್ಲ. ಆದ್ದರಿಂದ ಅರ್ಧ ಶೇಕಡದ ಅಂತರವನ್ನು ಕಂಡರೂ ಬ್ಯಾಂಕ್ ಕೈಹಾಕದೆ ಇರಬಹುದು.

ಈ ಕಾರಣಕ್ಕೆ ಪುರಾವೆ ಕ್ಯಾಲೆಂಡರಿನಲ್ಲಿದೆ. ಹಲವು ದೇಶಗಳ ಬ್ಯಾಂಕುಗಳು ತ್ರೈಮಾಸಿಕದ ಕೊನೆಯ ದಿನದ ಲೆಕ್ಕವನ್ನು ನಿಯಂತ್ರಕರಿಗೆ ತೋರಿಸುವುದರಿಂದ, ಆ ಹೊತ್ತಿಗೆ ಅವು ಇಂಥ ವ್ಯವಹಾರವನ್ನು ಕುಗ್ಗಿಸುತ್ತವೆ. ಒಂದು ವಾರದ ಸ್ವಾಪ್ ಆ ದಿನವನ್ನು ದಾಟುವಂತಿದ್ದರೆ ಅದರ ಬೇಸಿಸ್ ಥಟ್ಟನೆ ಹಿಗ್ಗುತ್ತದೆ, ದಿನ ಕಳೆದ ಮೇಲೆ ಇಳಿಯುತ್ತದೆ. ಸಾಲಗಾರ ಕೈಕೊಡುವ ಭಯವೊಂದೇ ಕಾರಣವಾಗಿದ್ದರೆ ಇಂಥ ತಾರೀಖಿನ ಏರಿಳಿತ ಇರುತ್ತಿರಲಿಲ್ಲ.

ಭಯವೇ ಮುಖ್ಯ ಕಾರಣವಾದ ಸಂದರ್ಭಗಳೂ ಇವೆ. 2008ರಲ್ಲಿ ಲೇಮನ್ ಬ್ರದರ್ಸ್ ಕುಸಿದಾಗ ಡಾಲರ್ ಇದ್ದವರು ಕೊಡಲು ಹಿಂಜರಿದರು, ಬೇಸಿಸ್ ವಿಪರೀತ ಹಿಗ್ಗಿತು. ಆಗ ಅಮೆರಿಕದ ಫೆಡರಲ್ ರಿಸರ್ವ್ ಇತರ ಕೇಂದ್ರ ಬ್ಯಾಂಕುಗಳಿಗೆ ಡಾಲರ್ ಒದಗಿಸಿತು, ಅವು ತಮ್ಮ ದೇಶದ ಬ್ಯಾಂಕುಗಳಿಗೆ ಸಾಲ ಕೊಟ್ಟವು. 2020ರ ಮಾರ್ಚ್‌ನಲ್ಲಿ ಕೋವಿಡ್ ಆತಂಕ ಹರಡಿದಾಗ ಫೆಡರಲ್ ರಿಸರ್ವ್ ಈ ಸಾಲದ ದರವನ್ನು ಮೂಲ ದರಕ್ಕಿಂತ 50 ಪಾಯಿಂಟ್ ಮೇಲಿದ್ದುದರಿಂದ 25ಕ್ಕೆ ಇಳಿಸಿತು. ಬ್ಯಾಂಕ್ ಆಫ್ ಜಪಾನ್ ಒಂದೇ 20,000 ಕೋಟಿ ಡಾಲರಿಗೂ ಹೆಚ್ಚು ಪಡೆಯಿತು, ಬೇಸಿಸ್ ಕುಗ್ಗಿತು.

ಎಲ್ಲ ಕರೆನ್ಸಿಗಳಲ್ಲೂ ಬೇಸಿಸ್ ಋಣಾತ್ಮಕವೇ ಆಗಿರಬೇಕಿಲ್ಲ. ಆಸ್ಟ್ರೇಲಿಯಾದ ಬ್ಯಾಂಕುಗಳು ವಿದೇಶದಲ್ಲಿ ಡಾಲರ್ ಸಾಲ ಎತ್ತಿ, ಅದನ್ನು ತಮ್ಮ ಕರೆನ್ಸಿಗೆ ಬದಲಿಸಿ ಮನೆಸಾಲ ಕೊಡುತ್ತವೆ. ಅಲ್ಲಿ ಸ್ವಾಪ್‌ನಲ್ಲಿ ಬೇಡಿಕೆ ಇರುವುದು ಆಸ್ಟ್ರೇಲಿಯಾದ ಡಾಲರಿಗೆ. ಹಾಗಾಗಿ ಅದರ ದೀರ್ಘಾವಧಿ ಬೇಸಿಸ್ ಬಹುಕಾಲ ಧನಾತ್ಮಕವಾಗಿಯೇ ಇತ್ತು.